ಬಚ್ಚಲಿನ ತನಕ ಕೇಳಿಸಿತು

ಮನೆಯಲ್ಲಿ ಅವಳಿಗೆ 'ಚಕಚಕ' ಎಂದೇ ಹೆಸರು. ಗಂಡ "ಇವತ್ತು ಸಂಜೆ ನಾವು..." ಎಂದು ಬಾಯಿ ತೆರೆದರೆ ಸಾಕು, "ಅತ್ತೆ ಮನೆಗೆ ತಾನೇ? ಆಯ್ತು, ಆರು ಗಂಟೆಗೆ ರೆಡಿ ಇರ್ತೀನಿ" ಎಂದು ಮುಗಿಸಿಯೇ ಬಿಡುವವಳು. ಅವನು ಹೇಳಹೊರಟಿದ್ದು ಚಪ್ಪಲಿ ರಿಪೇರಿಯ ವಿಷಯವಾಗಿದ್ದರೂ ಅವಳಿಗೆ ಅದರ ಪರಿವೆಯಿಲ್ಲ. ಇಂಥವಳಿಗೆ ಸಿಕ್ಕಿದ ಕೆಲಸವಾದರೂ ಎಂಥದು! ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವುದು. ಒಂದೊಂದು ಪದಕ್ಕೂ ಕಾಯಬೇಕು. ಅವರ ಬಾಯಿಂದ ಬರುವ ಮುಂಚೆ ತಾನು ಹೇಳಿಕೊಟ್ಟುಬಿಟ್ಟರೆ ಕಲಿಸಿದ್ದೆಲ್ಲ ನೀರುಪಾಲು.

ಹದಿನೆಂಟು ವರ್ಷದಿಂದ ಅವಳು ಹಾಗೆ ಕಾಯುತ್ತಿದ್ದಾಳೆ. ಸುಲಭಕ್ಕೇನೂ ಬರಲಿಲ್ಲ. ಕುರ್ಚಿಯ ಮೇಲೆ ಎರಡೂ ಅಂಗೈಯನ್ನು ತೊಡೆಯಡಿ ಒತ್ತಿಕೊಂಡು ಕೂರುತ್ತಾಳೆ, ಇಲ್ಲದಿದ್ದರೆ ಕೈ ಸುಮ್ಮನಿರುವುದಿಲ್ಲ. ಆಸ್ಪತ್ರೆಯ ಮೂರನೇ ಮಹಡಿಯ ಆ ಕಿಷ್ಕಿಂಧೆಯಲ್ಲಿ ಒಂದು ಮೇಜು, ಒಂದು ಕಂಪ್ಯೂಟರ್, ಚಿತ್ರದ ಕಾರ್ಡುಗಳ ಡಬ್ಬಿ, ಒಂದು ಪುಟ್ಟ ಬಿಳಿ ಹಲಗೆ, ಅಷ್ಟೇ. ದೂರದಿಂದ ಬರಲಾಗದವರಿಗೆ ವಿಡಿಯೋ ಕರೆಯಲ್ಲೇ ಪಾಠ. ಕಂಪ್ಯೂಟರಿನ ಪರದೆಯ ಕೆಳತುದಿಗೆ ಅವಳೇ ಒಂದು ಹಳದಿ ಚೀಟಿ ಅಂಟಿಸಿಕೊಂಡಿದ್ದಳು: 'ಬಾಯಿ ಮುಚ್ಚಿಕೊಂಡು ಕಾಯಿ.'

ಆ ಬೆಳಿಗ್ಗೆ ಹತ್ತೂಮುಕ್ಕಾಲಿಗೆ ವಿಡಿಯೋ ಕರೆಯಲ್ಲಿ ಒಬ್ಬ ಕ್ಷೌರಿಕನ ಸರದಿ. ಅರವತ್ತರ ಹತ್ತಿರದ ಮನುಷ್ಯ. ಮೂವತ್ತೈದು ವರ್ಷ ಗಿರಾಕಿಯ ತಲೆ ಹಿಡಿದು ಊರಿನ ಸುದ್ದಿಯೆಲ್ಲ ಹೇಳುತ್ತಿದ್ದವನು. ಕತ್ತರಿಗಿಂತ ಅವನ ನಾಲಿಗೆಯೇ ಜೋರು ಎಂದು ಜನ ನಗುತ್ತಿದ್ದರಂತೆ. ಐದು ತಿಂಗಳ ಹಿಂದೆ ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಕಾಲು ಸ್ವಲ್ಪ ಬಂದಿದೆ. ಮಾತು ಒಂದೊಂದೇ ಪದವಾಗಿ ಬರುತ್ತಿದೆ. ಗಂಟಲು ಮಾತ್ರ ಇನ್ನೂ ಸರಿಹೋಗಿಲ್ಲ. ತೆಳ್ಳಗಿನ ನೀರು ಅನ್ನನಾಳ ಬಿಟ್ಟು ಶ್ವಾಸಕೋಶದ ದಾರಿ ಹಿಡಿದುಬಿಡುತ್ತದೆ. ಅದಕ್ಕೇ ಕುಡಿಯುವುದಕ್ಕೆಲ್ಲ ಒಂದು ಪುಡಿ ಬೆರೆಸಿ, ಗಂಜಿಯಷ್ಟು ಮಂದ ಮಾಡಿ ಕೊಡಬೇಕು ಎಂದು ಅವಳೇ ಅವನ ಹೆಂಡತಿಗೆ ಹೇಳಿಕೊಟ್ಟಿದ್ದಳು.

ಅವತ್ತು ಅವನ ದನಿ ಯಾಕೋ ಗೊರಗೊರ ಎನ್ನುತ್ತಿತ್ತು. ಹಾಳಾದ ಲೈನು ಎಂದುಕೊಂಡು ಅವಳು ಮುಂದುವರಿಸಿದಳು. ಹತ್ತು ಕಾರ್ಡು ಮುಗಿಯಿತು. ಅಷ್ಟರಲ್ಲಿ ಹೆಂಡತಿ ಒಲೆ ನೋಡಲು ಒಳಗೆ ಹೋದಳು. ಅವನು ಅಡುಗೆಮನೆಯ ಕಡೆ ಒಮ್ಮೆ ತಿರುಗಿ ನೋಡಿದ. ಆಮೇಲೆ ಫೋನಿನ ಹತ್ತಿರಕ್ಕೆ ಬಾಗಿದ. ಕಾರ್ಡಿಲ್ಲ, ಪ್ರಶ್ನೆಯಿಲ್ಲ, ತಾನಾಗಿಯೇ ಶುರುಮಾಡಿದ.

"ಮೇಡಂ... ಮಧ್ಯಾಹ್ನ... ಇವಳು... ಮಲಗಿದ್ಮೇಲೆ... ಬಚ್ಚಲಿಗೆ... ಹೋಗಿ..."

ಅವಳ ಎದೆ ಧಸಕ್ಕೆಂದಿತು, ಖುಷಿಗೆ. ಆರು ಪದ ಸಾಲಾಗಿ! ಯಾರೂ ಕೇಳದೆ! ಅಲ್ಲಿಗೆ ಅವನು ನಿಂತ. ಬಾಯಿ ಅರ್ಧ ತೆರೆದಿತ್ತು, ಕಣ್ಣು ಅವಳ ಮೇಲಿತ್ತು. ಪದ ಹುಡುಕುವಾಗ ಅವನು ಹೀಗೇ ನಿಲ್ಲುತ್ತಾನೆ. ಅವಳು ಅಂಗೈಗಳನ್ನು ಇನ್ನಷ್ಟು ಒತ್ತಿಕೊಂಡು, ರೆಪ್ಪೆ ಹೊಡೆಯುವುದಕ್ಕೂ ಹೆದರಿ ಕಾದಳು. ಹತ್ತು ಸೆಕೆಂಡು, ಇಪ್ಪತ್ತು ಸೆಕೆಂಡು. ಹೇಳಿಕೊಡಬೇಡ, ಹೇಳಿಕೊಡಬೇಡ ಎಂದು ತನಗೆ ತಾನೇ ಗದರಿಕೊಂಡಳು. ನಲವತ್ತು ಸೆಕೆಂಡಾಯಿತು. ಆಗ ಕಣ್ಣಿಗೆ ಬಿತ್ತು: ಅವನ ತಲೆಯ ಮೇಲಿನ ಫ್ಯಾನು ತಿರುಗುತ್ತಿಲ್ಲ. ಮೂರೂ ರೆಕ್ಕೆ ಗಾಳಿಯಲ್ಲಿ ಅಲ್ಲಲ್ಲೇ ನಿಂತಿವೆ.

ಚೀಟಿಯನ್ನು ಕಿತ್ತು ನೋಡಿದರೆ ಅದರ ಹಿಂದೆ ಪರದೆಯ ಮೇಲೆ ಸಣ್ಣ ಅಕ್ಷರದಲ್ಲಿ 'ಸಂಪರ್ಕ ದುರ್ಬಲವಾಗಿದೆ' ಎಂದಿತ್ತು. ಅಯ್ಯೋ ನನ್ನ ಬುದ್ಧಿಗಿಷ್ಟು! ಹದಿನೆಂಟು ವರ್ಷ ಕಲಿತ ತಾಳ್ಮೆಯನ್ನೆಲ್ಲ ಒಂದು ನಿಂತುಹೋದ ಚಿತ್ರದ ಮುಂದೆ ಸುರಿದು ಕೂತಿದ್ದಳು. ಅಷ್ಟರಲ್ಲಿ ಕರೆಯೇ ಕಡಿದುಹೋಯಿತು.

ಮತ್ತೆ ಮಾಡಿದಳು, ಸಿಗಲಿಲ್ಲ. ಎದ್ದು ಕಿಟಕಿಯ ತನಕ ಹೋಗಿ ಬಂದಳು. ಮತ್ತೆ ಮಾಡಿದಳು. ಬಚ್ಚಲಿಗೆ ಹೋಗಿ ಏನು? ಬಿದ್ದನೇ? ಅಳುತ್ತಾನೆಯೇ? ಹೆಂಡತಿ ಮಲಗುವುದನ್ನು ಕಾಯುವಂಥದ್ದು ಏನಿದೆ? ಊಹೆಗಳು ಒಂದರ ಮೇಲೊಂದು ಬಂದು ಬೀಳತೊಡಗಿದವು. ಊಹೆ ಮಾಡಿದರೆ ಕೆಟ್ಟೆ ಎಂದು ಪೆನ್ನು ತೆಗೆದು, ಕೇಳಿದ್ದನ್ನು ಕೇಳಿದ ಹಾಗೆಯೇ ಬಿಳಿ ಹಲಗೆಯ ಮೇಲೆ ಬರೆದಳು. ಬಚ್ಚಲಿಗೆ ಹೋಗಿ. ಅದರ ಮುಂದೆ ಒಂದು ಗೆರೆ ಎಳೆದು ಖಾಲಿ ಬಿಟ್ಟಳು. ಹನ್ನೊಂದೂವರೆಗೆ ಇನ್ನೊಬ್ಬರು ಕಾಯುತ್ತಾರೆ. ಗಡಿಯಾರ ಆಗಲೇ ಹನ್ನೊಂದೂಕಾಲು.

ನಾಲ್ಕನೇ ಸಲಕ್ಕೆ ಕರೆ ಹತ್ತಿತು. ಎತ್ತಿದವಳು ಹೆಂಡತಿ. ಅವನ ಎಡಗೈಗೆ ಫೋನಿನ ಗುಂಡಿಗಳ ಸಹವಾಸ ಇನ್ನೂ ಒಗ್ಗಿರಲಿಲ್ಲ.

"ಕಟ್ಟಾಗೋಯ್ತಾ ಮೇಡಂ? ಪರವಾಗಿಲ್ಲ, ಇವರೇನೋ ಉದ್ದಕ್ಕೆ ಹೇಳಿದ್ರು ನಿಮಗೆ. ಒಳಗಿಂದ ಬಚ್ಚಲು ಅಂತ ಏನೋ ಕಿವಿಗೆ ಬಿತ್ತು. ಹೋದ ವಾರ ಕಾಲು ಜಾರಿತ್ತಲ್ಲ, ಅದನ್ನೇ ಹೇಳಿರ್ಬೇಕು. ಅಲ್ವೇನ್ರೀ?"

"ಹೂಂ" ಎಂದ ಅವನು, ತಲೆ ತಗ್ಗಿಸಿಕೊಂಡೇ.

ಅವಳಿಗೆ ಅನುಮಾನ ಬಂತು. "ಅಣ್ಣಾ, ಜಾರಿದ ವಿಷಯ ಅಲ್ಲ, ಬೇರೆ ಏನೋ ಹೇಳ್ತಿದ್ರಿ, ಅಲ್ವಾ?"

"ಹೂಂ."

ಎರಡಕ್ಕೂ ಹೂಂ ಎಂದ ಮೇಲೆ ಆ ಹೂಂ ನಂಬುವ ಹಾಗಿಲ್ಲ. ಮಾತು ಕಳೆದುಕೊಂಡವರು ಸುಸ್ತಾದಾಗ, ನಾಚಿಕೆಯಾದಾಗ ಕೇಳಿದ್ದಕ್ಕೆಲ್ಲ ಹೂಂಗುಟ್ಟಿ ಪಾರಾಗುತ್ತಾರೆ. ಆದರೆ ಅವನೇಕೆ ಮುಖ ತಗ್ಗಿಸಿದ್ದಾನೆ? ಆಗ ಅವಳಿಗೆ ಹೊಳೆಯಿತು. ನಡುವೆ ಚಿತ್ರ ನಿಂತದ್ದೇ ಅವನಿಗೆ ಗೊತ್ತಿಲ್ಲ! ಪರದೆಯ ಮೇಲೆ ಅವಳು ಯಾವಾಗಲೂ ಬೊಂಬೆಯ ಹಾಗೆ ಅಲುಗಾಡದೆ ಕೂರುವವಳು. ನಿಂತುಹೋದ ಚಿತ್ರಕ್ಕೂ ಅವಳಿಗೂ ವ್ಯತ್ಯಾಸ ಅವನಿಗೆ ಹೇಗೆ ತಿಳಿಯಬೇಕು? ಅವನು ಮಾತು ಮುಗಿಸಿದ್ದಾನೆ. ತನ್ನ ಗುಟ್ಟನ್ನು ಹೇಳಿ, ಅವಳ ಮುಖ ನೋಡಿದ್ದಾನೆ. ಅವಳು ಏನೂ ಅನ್ನದೆ ಗುರಾಯಿಸಿ ನೋಡಿದ್ದಾಳೆ, ಆಮೇಲೆ ಕರೆ ಕತ್ತರಿಸಿದ್ದಾಳೆ. ಅವನ ಲೆಕ್ಕಕ್ಕೆ ನಡೆದದ್ದು ಇಷ್ಟು.

ಈಗ ಸುಮ್ಮನೆ ತಲೆಯಾಡಿಸಿ ಮುಂದಿನ ವಾರ ನೋಡೋಣ ಎಂದರೆ ಕೆಲಸ ಸಲೀಸು. ಆದರೆ ಅವನು ಆ ಗುಟ್ಟಿಗೆ ಮೇಡಂ ಒಪ್ಪಿದರು ಎಂದು ತಿಳಿದಾನು. ಬೇಡವೇ ಬೇಡ.

"ಅಕ್ಕಾ, ಒಂದು ಹತ್ತು ನಿಮಿಷ ನೀವು ಹೊರಗಡೆ ಜಗುಲಿ ಮೇಲೆ ಕೂತ್ಕೋತೀರಾ? ಬಾಗಿಲು ಮುಂದೆ ಮಾಡ್ಕೊಳ್ಳಿ. ಅಣ್ಣನ ಹತ್ರ ಒಂಟಿಯಾಗಿ ಮಾತಾಡ್ಬೇಕು."

"ನಾನಿದ್ರೆ ಹೇಳಿಕೊಡ್ತೀನಲ್ಲ ಮೇಡಂ, ಇವರದ್ದು ನನಗೆ ಬೇಗ ಅರ್ಥವಾಗುತ್ತೆ!"

"ಗೊತ್ತು ಅಕ್ಕಾ. ಆದ್ರೂ."

ಹೆಂಡತಿ ಮುಖ ಸಣ್ಣದು ಮಾಡಿಕೊಂಡು ಹೋದಳು. ಬಾಗಿಲು ಕಿರುಗುಟ್ಟಿತು.

"ಅಣ್ಣಾ, ಇಲ್ಲಿ ನೋಡಿ. ನೆಟ್‌ವರ್ಕು ನಿಂತೋಗಿತ್ತು. ನೀವು ಹೇಳಿದ್ದು ನನಗೆ ಪೂರ್ತಿ ಕೇಳಿಸ್ಲಿಲ್ಲ. ನಾನು ಸಿಟ್ಟಾಗಿ ಸುಮ್ನಿದ್ದದ್ದಲ್ಲ. ನೀವು ಕಂಡದ್ದು ಬರೀ ನನ್ನ ಚಿತ್ರ."

ಅವನು ತಲೆಯೆತ್ತಿದ. ಕಣ್ಣು ಕಿರಿದು ಮಾಡಿ ಅವಳನ್ನೇ ನೋಡಿದ, ನಂಬಬೇಕೋ ಬೇಡವೋ ಎಂಬಂತೆ. ಅವಳು ಎರಡೂ ಕೈ ಎತ್ತಿ ಆಡಿಸಿ ತೋರಿಸಿದಳು. ಅವನ ತುಟಿಯ ಎಡತುದಿ ಸ್ವಲ್ಪ ಮೇಲೇರಿತು.

"ಮೊದಲಿಂದ ಹೇಳ್ಬೇಡಿ, ಸುಸ್ತಾಗುತ್ತೆ. ನನಗೆ ಇಲ್ಲಿ ತನಕ ಕೇಳಿಸ್ತು." ಬಿಳಿ ಹಲಗೆಯನ್ನು ಎತ್ತಿ ಹಿಡಿದು, ಅವನು ಹೇಳಿದ ಗತಿಯಲ್ಲೇ, ಅವನು ತಡೆದಲ್ಲೆಲ್ಲ ತಡೆದು ಹೇಳಿದಳು. "ಮಧ್ಯಾಹ್ನ... ಇವಳು ಮಲಗಿದ್ಮೇಲೆ... ಬಚ್ಚಲಿಗೆ ಹೋಗಿ..." ಖಾಲಿ ಗೆರೆಯ ಮೇಲೆ ಬೆರಳಿಟ್ಟು ನಿಲ್ಲಿಸಿದಳು. ಈ ಸಲ ಒಂದು ಕಣ್ಣು ಫ್ಯಾನಿನ ಮೇಲೇ ಇತ್ತು. ಅದು ತಿರುಗುತ್ತಿತ್ತು.

"ಬಚ್ಚಲಿಗೆ... ಹೋಗಿ... ಕತ್ತರಿ..." ಎಂದವನೇ ಥತ್ ಎಂದು ತೊಡೆ ಬಡಿದುಕೊಂಡ. ಯಾವ ಪದ ಹುಡುಕಿದರೂ ಹಾಳು ಕತ್ತರಿಯೇ ಅಡ್ಡ ಬರುತ್ತದೆ.

"ಕತ್ತರಿ ಅಲ್ಲ, ಅದು ನಿಮಗೇ ಗೊತ್ತಾಯ್ತು. ಕೈಯಲ್ಲಿ ತೋರಿಸಿ."

ಅವನ ಎಡಗೈ ಗಾಳಿಯಲ್ಲಿ ನಲ್ಲಿ ತಿರುಗಿಸಿತು. ಆಮೇಲೆ ಬೊಗಸೆಯಾಗಿ ಬಾಯಿಗೆ ಹೋಯಿತು. ಅವಳಿಗೆ ಗೊತ್ತಾಗಿಹೋಯಿತು. ಮನೆಯ ಚಕಚಕ ನಾಲಿಗೆಯ ತುದಿಗೆ ಬಂದು ನಿಂತಳು. ಅವಳನ್ನು ಹಲ್ಲು ಕಚ್ಚಿ ತಡೆದು, ಮೊದಲ ಅಕ್ಷರವನ್ನಷ್ಟೇ ಕೊಟ್ಟಳು. "ನೀ..."

"ನೀರು... ಕುಡೀ... ಕುಡೀತೀನಿ."

"ಪುಡಿ ಹಾಕಿದ್ದಾ?"

ಅವನು ಮುಖ ಹುಳ್ಳಗೆ ಮಾಡಿ ತಲೆ ಅಡ್ಡಡ್ಡ ಆಡಿಸಿದ.

"ಬರೀ ನಲ್ಲಿ ನೀರಾ?"

"ಹೂಂ." ಈ ಹೂಂ ಬೇರೆ ಥರ ಇತ್ತು. ಗಟ್ಟಿಯಾಗಿತ್ತು.

"ಕುಡಿದಾಗ ಕೆಮ್ಮು ಬರುತ್ತಾ?"

"ಇಲ್ಲ... ಇಲ್ಲ." ಎರಡನೆಯ ಇಲ್ಲದಲ್ಲಿ ಕೊಂಚ ಜಂಬವೂ ಇತ್ತು.

ಕೆಮ್ಮು ಬಂದಿದ್ದರೆ ಎಷ್ಟೋ ವಾಸಿಯಿತ್ತು. ಗಂಟಲಿಗೆ ಸ್ಪರ್ಶವೇ ಮಂಕಾದವರಲ್ಲಿ ನೀರು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತದೆ, ಎಚ್ಚರಿಸಲು ಕೆಮ್ಮೂ ಇರುವುದಿಲ್ಲ. ಮತ್ತು ಬೆಳಿಗ್ಗೆಯಿಂದ ಲೈನಿನ ತಲೆಗೆ ಕಟ್ಟಿದ ಆ ಗೊರಗೊರ! ಅದು ಲೈನಲ್ಲ, ಅವನ ಗಂಟಲು.

"ಯಾಕೆ ಇವತ್ತು ಹೇಳಿದ್ರಿ ಅಣ್ಣಾ?"

ಅವನು ಎದೆಯ ಮೇಲೆ ಅಂಗೈ ಇಟ್ಟುಕೊಂಡ. ಬಹಳ ಹೊತ್ತು ಹುಡುಕಿದ. "ಬಿಸಿ... ಭಯ" ಎಂದ. ಕಣ್ಣಂಚು ಒದ್ದೆಯಾಯಿತು.

ಅವಳು ಬೈಯಲಿಲ್ಲ. ಬೈಯುವಷ್ಟು ಮನಸ್ಸು ಎಲ್ಲಿತ್ತು? ತಿಂಗಳುಗಟ್ಟಲೆ ಗಂಜಿಯಂಥ ನೀರು ಕುಡಿದವನ ದಾಹ ಅವಳಿಗೆ ಅರ್ಥವಾಗದ್ದಲ್ಲ. "ಇವತ್ತೇ ಆಸ್ಪತ್ರೆಗೆ ಬರ್ಬೇಕು. ಎದೆ ನೋಡಿಸ್ಬೇಕು, ಗಂಟಲೂ ನೋಡ್ತೀವಿ. ಅಕ್ಕನಿಗೆ ಗೊತ್ತಾಗ್ಲೇಬೇಕು. ನಾನು ಹೇಳ್ಲಾ, ನೀವೇ ಹೇಳ್ತೀರಾ?"

ಅವನು ತನ್ನ ಎದೆಗೆ ಬೆರಳು ತೋರಿಸಿದ.

ಕರೆದದ್ದೇ ತಡ, ಹೆಂಡತಿ ಒಳಗೆ ಬಂದು ಅವನ ಪಕ್ಕ ಕೂತಳು. ಈಚೆ ಆಸ್ಪತ್ರೆಯಲ್ಲಿ ಅವಳು ಹಲಗೆ ಎತ್ತಿ ಹಿಡಿದಳು. ಅವನು ಒಂದೊಂದೇ ಪದ ತೆಗೆದ. "ಬಚ್ಚಲಿಗೆ ಹೋಗಿ..." ಎಂಬಲ್ಲಿಗೆ ಹೆಂಡತಿ "ಜಾರಿ..." ಎಂದು ಶುರುಮಾಡಿ, ಪರದೆಯ ಮೇಲಿನ ಮುಖ ನೋಡಿ ನಿಲ್ಲಿಸಿದಳು. "ನೀರು... ಕುಡೀತೀನಿ" ಎಂದ ಅವನು.

ಹೆಂಡತಿ ಎದೆಗೆ ಕೈ ಇಟ್ಟುಕೊಂಡಳು. "ಅಯ್ಯೋ ದೇವರೇ! ಎರಡು ದಿನದಿಂದ ಸಂಜೆ ಹಣೆ ಬೆಚ್ಚಗಿತ್ತು, ಹವಾ ಬದಲಾಯ್ತಲ್ಲ ಅಂದ್ಕೊಂಡೆ. ಅಳೆದು ಅಳೆದು ಪುಡಿ ಕಲಸಿ ಕೊಡ್ತಿದ್ನಲ್ಲ, ಮೊದಲು ನಾನು ನೆಕ್ಕಿ ನೋಡಿ... ಆ ಗೋಂದನ್ನ ನಾನೂ ತಿಂದಿದೀನಿ ರೀ! ನನಗೊಂದು ಮಾತು ಯಾಕೆ ಹೇಳ್ಲಿಲ್ಲ ನೀವು? ಬೈತೀನಿ ಅಂತಾನಾ?"

ಅವನು ತಲೆಯಾಡಿಸಿದ. ಅಲ್ಲ.

"ಮತ್ತೆ? ಮೇಡಂಗೆ ಹೇಳೋಕಾಗುತ್ತೆ, ನನಗೆ ಹೇಳೋಕೆ..."

"ನೀನು..." ಅವನ ಕೈ ಮೇಲೆ ಬಂತು, ನಿಲ್ಲು ಎನ್ನುವ ಹಾಗೆ. "ಮುಗ್ಸೋಕೆ... ಬಿಡಲ್ಲ."

ಹೆಂಡತಿಯ ಮುಖ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದಳು. ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡಳು. ಆಸ್ಪತ್ರೆಯ ಕೋಣೆಯಲ್ಲಿ ಕೂತವಳಿಗೆ ತಾನು ಮುಗಿಸಗೊಡದ ಗಂಡನ ಚಪ್ಪಲಿಯ ಮಾತು ನೆನಪಾಯಿತು, ಕೆನ್ನೆ ಬಿಸಿಯಾಯಿತು.

ಅವನ ತುಟಿ ಮತ್ತೆ ಅಲುಗಿತು. "ಗಾ..." ಎಂದು ನಿಂತ. ಹೆಂಡತಿಗೆ ಅದು ಏನೆಂದು ಗೊತ್ತಿತ್ತು. ಮೇಜಿನ ಈಚೆ ಕೂತವಳಿಗೂ ಗೊತ್ತಿತ್ತು. ಇಬ್ಬರೂ ತುಟಿ ಬಿಚ್ಚಲಿಲ್ಲ. ಅವನು ಕಣ್ಣು ಮುಚ್ಚಿ, ಉಗುಳು ನುಂಗಿ, ಹಣೆಯ ನರ ಉಬ್ಬಿಸಿ ಹುಡುಕಿದ.

"ಗಾಡಿ... ಕರಿ. ಹೋಗೋಣ."

"ಹೂಂ ರೀ" ಎಂದು ಹೆಂಡತಿ ಎದ್ದಳು.