ಪೂವರಾಗನ್ ಬರೆಯದ ಹೆಸರು

ಪೂವರಾಗನ್ ಅವರಿಗೆ ಆಗ ಅರವತ್ಮೂರು. ಕುಂಭಕೋಣದ ನಮ್ಮ ವಿಗ್ರಹಗಳ ಫೋಟೋ ಸಂಗ್ರಹದಲ್ಲಿ ಅವರ ಮೇಜಿನ ಪಕ್ಕದ್ದೇ ನನ್ನ ಮೇಜು. ಹರೆಯದಲ್ಲಿ ಅವರು ಫೋಟೋಗ್ರಾಫರನ ಹಿಂದೆ ಕ್ಯಾಮೆರಾದ ಮುಕ್ಕಾಲಿ ಹೊತ್ತು ಊರೂರು ತಿರುಗಿದವರು. ಮಂಡಿ ಕೈಕೊಟ್ಟ ಮೇಲೆ, ತೆಗೆದ ಚಿತ್ರಗಳ ಹಿಂದೆ ಹೆಸರು ಬರೆಯುವುದೇ ಅವರ ಕೆಲಸವಾಯಿತು. ಯಾವ ಕೈ, ಯಾವ ಆಯುಧ, ಯಾವ ವಾಹನ, ಆದ್ದರಿಂದ ಯಾವ ದೇವರು. ಮೂವತ್ತು ವರ್ಷ ಇದನ್ನೇ ಬರೆದ ಮನುಷ್ಯ ಬೆಳಿಗ್ಗೆ ಬಂದು ಕುರ್ಚಿಯಲ್ಲಿ ಕೂರುವಾಗ ಬಿಡುತ್ತಿದ್ದ ಉಸಿರು ನನ್ನ ಮೇಜಿಗೂ ಕೇಳಿಸುತ್ತಿತ್ತು.

ಬರೀ ಮಂಡಿಯ ಆಯಾಸವಲ್ಲ ಅದು. ಬಹಳ ಹಿಂದೆ ತಿರುವಾರೂರಿನ ಕಡೆಯ ಒಂದು ಹಳ್ಳಿಯಲ್ಲಿ ಜನ ಒಂದು ಹೆಣ್ಣುವಿಗ್ರಹವನ್ನು ತೋರಿಸಿ, ಇದು ಯಾರೆಂದು ಇವರನ್ನು ಕೇಳಿದ್ದರು. ಹುಮ್ಮಸ್ಸಿನ ವಯಸ್ಸು, ಇವರು ಇದ್ದ ಹೆಸರನ್ನೇ ಹೇಳಿಬಿಟ್ಟರು. ಮತ್ತೆ ಆ ದಾರಿಯಲ್ಲಿ ಹೋದಾಗ ಅವಳು ಕೆರೆಯ ಮೆಟ್ಟಿಲಲ್ಲಿ ಬೋರಲಾಗಿ ಬಿದ್ದಿದ್ದಳು, ಬೆನ್ನ ಮೇಲೆ ಯಾರೋ ಬಟ್ಟೆ ಒಗೆಯುತ್ತಿದ್ದರು. ಅಂದಿನಿಂದ ಯಾರು ಕೇಳಿದರೂ ಅವರದು ಒಂದೇ ಉತ್ತರ, ಯಾವ ದೇವಿಗೂ ಒಪ್ಪುವಂಥದ್ದು: "ಅಮ್ಮನ್ ಅಂತ ಇಟ್ಕೊಳ್ಳಿ."

ಆ ಮಂಗಳವಾರ ಕೀಳ್ಪೂವನೂರಿನಿಂದ ಸೇಂದನ್ ಎಂಬಾತ ಬಂದ. ಊರಿನ ಬೇವಿನ ಮರದಡಿಯ ಅಮ್ಮನಿಗೆ ಸೂರು ಕಟ್ಟಿಸುವ ಸಮಿತಿಯ ಮುಖ್ಯಸ್ಥ. ನಮ್ಮಲ್ಲಿ ಆ ವಿಗ್ರಹದ ಹಳೆಯ ಫೋಟೋ ಇತ್ತು. ಅದರ ಒಂದು ಪ್ರತಿಯೂ, ಇದು ಮಹಾಲಕ್ಷ್ಮಿ ಎಂದು ಬರೆದ ಒಂದು ಕಾಗದವೂ ಬೇಕು, ಬಾಗಿಲ ಮೇಲೆ ಹಾಗೆಂದು ಕೆತ್ತಿಸಬೇಕು ಎಂದ. ಜೊತೆಗೆ ಅಕ್ಕನ ಮಗಳು ತೇನ್ಮೊಳಿ ಬಂದಿದ್ದಳು, ಹನ್ನೆರಡರ ಹುಡುಗಿ. "ಅಯ್ಯಾ, ಕಾಗದ ರೆಡಿ ಮಾಡಿಡಿ. ಊಟ ಮುಗಿಸ್ಕೊಂಡು ಬರ್ತೀನಿ. ಇವಳಿಗೆ ಹಸಿವಿಲ್ವಂತೆ, ಇಲ್ಲೇ ಇರ್ಲಿ" ಎಂದು ಹೊರಟುಹೋದ.

ಹುಡುಗಿ ಫೋಟೋದ ಮೇಲೆ ಬಗ್ಗಿದಳು. "ತಾತಾ, ಇವಳು ಲಕ್ಷ್ಮಿ ಅಂತ ಹೆಂಗೆ ಗೊತ್ತಾಗುತ್ತೆ?"

"ನಿಮ್ಮ ಮಾಮ ಹೇಳಿದ್ನಲ್ಲ."

"ಮಾಮಂಗೆ ಹೆಂಗೆ ಗೊತ್ತು? ಅವನಿಗೆ ಅತ್ತೆಯ ಹುಟ್ಟಿದ ದಿನಾನೇ ಗೊತ್ತಿಲ್ಲ."

ಪೂವರಾಗನ್ ನಕ್ಕರು. ಆಮೇಲೆ ಕಣ್ಣುಜ್ಜಿಕೊಂಡು ಭೂತಗನ್ನಡಿಯನ್ನು ಅವಳತ್ತ ತಳ್ಳಿದರು. "ಮುಖ ನೋಡ್ಬೇಡ, ಮುಖ ಎಲ್ಲ ಒಂದೇ. ಮೊದಲು ಕೈ ನೋಡು. ಬಲಗೈ ಏನ್ಮಾಡ್ತಿದೆ?"

"ನಿಲ್ಲು ಅಂತಿದೆ. ಬಸ್ ನಿಲ್ಲಿಸೋ ಥರ."

"ಅಂಗೈ ನಮ್ಮ ಕಡೆ, ಬೆರಳು ಮೇಲಕ್ಕೆ. ಅಭಯ. ಹೆದರಬೇಡ ಅಂತ. ಅದೇ ಬೆರಳು ಕೆಳಕ್ಕೆ ಇಳಿದಿದ್ರೆ ವರದ, ಕೊಡ್ತೀನಿ ಅಂತ. ಎಡಗೈ?"

"ತೊಡೆ ಮೇಲೆ ಸುಮ್ನೆ ಬಿದ್ದಿದೆ."

ಅವರು ಕಪಾಟಿನಿಂದ ಇನ್ನೊಂದು ಫೋಟೋ ತೆಗೆದು ಪಕ್ಕಕ್ಕಿಟ್ಟರು. "ಇವಳು ಲಕ್ಷ್ಮಿ. ಬೆರಳು ಮಡಚಿ ಹೂವಿನ ದಂಟು ಹಿಡಿದಿದಾಳೆ, ಎರಡು ಕೈಯಲ್ಲೂ. ಕೂತಿರೋದು ಕಮಲದ ಮೇಲೆ, ಕಾಲು ಮಡಚಿ. ನಿಮ್ಮೂರ ಅಮ್ಮ?"

"ಮಣೆ ಮೇಲೆ. ಕಾಲು ಎರಡೂ ಕೆಳಕ್ಕೆ ಬಿಟ್ಕೊಂಡು... ನಮ್ಮಪ್ಪನ ಅಮ್ಮ, ಅಪ್ಪಾಯಿ, ಗದ್ದೆಯಿಂದ ಬಂದು ಜಗಲಿ ಮೇಲೆ ಕೂರೋ ಹಂಗೆ. ಹೊಟ್ಟೇನೂ ದೊಡ್ಡದು." ಭೂತಗನ್ನಡಿ ಪಕ್ಕಕ್ಕೆ ಸರಿಯಿತು. "ಆದ್ರೆ ಎರಡು ಕಡೆ ಆನೆ ಇದೆಯಲ್ಲ? ಮಾಮ ಅದಕ್ಕೇ ಲಕ್ಷ್ಮಿ ಅಂದಿದ್ದು."

"ಲಕ್ಷ್ಮಿಯ ಆನೆ ಎಲ್ಲಿರುತ್ತೆ ನೋಡು. ಭುಜದ ಮೇಲೆ. ಸೊಂಡಿಲೆತ್ತಿ ಕೊಡದಿಂದ ನೀರು ಹುಯ್ತಿರುತ್ತೆ. ಇವು?"

"ಇವು ಕೆಳಗೆ ಕೂತಿವೆ. ಅಯ್ಯೋ, ಇವಕ್ಕೆ ಮನುಷ್ಯರ ಮೈ! ಈ ಕಡೆಯದಕ್ಕೆ ಕೊಂಬಿದೆ, ಎತ್ತಿನ ಮುಖ. ಆ ಕಡೆ ಒಬ್ಬಳು ಹುಡುಗಿ."

"ಎತ್ತಿನ ಮುಖದವನು ಮಗ. ಆ ಕಡೆ ಮಗಳು."

ಅಷ್ಟಕ್ಕೇ ನಿಲ್ಲಿಸಬೇಕೆಂದು ಅವರ ಮುಖ ಹೇಳುತ್ತಿತ್ತು. ಚಿತ್ರವನ್ನು ಮಗುಚಲು ಕೈಯನ್ನೂ ಚಾಚಿದರು. ಹುಡುಗಿ ಬಿಡಲಿಲ್ಲ. "ತಲೆ ಪಕ್ಕದ ಕೋಲಿನ ಮೇಲೆ ಕೋಳಿ ಇದೆ."

"ಕೋಳಿ ಕುಮಾರಸ್ವಾಮಿಯ ಬಾವುಟದ್ದು. ಇದರ ಕೊಕ್ಕು ನೋಡು, ದಪ್ಪ. ಜುಟ್ಟಿಲ್ಲ."

"ಕಾಗೆ!"

"ಹೂಂ. ಆ ಪಕ್ಕ?"

"ಬೀಸಣಿಗೆ... ಅಲ್ಲ, ಪೊರಕೆ. ಕೆಳಗೆ ನಾಯಿ."

"ಕಿವಿ ಉದ್ದ ಇದೆ. ಕತ್ತೆ, ಅವಳ ವಾಹನ. ಎಲ್ಲ ಕಲ್ಲಲ್ಲೂ ಅದನ್ನ ಕಡೆಯಲ್ಲ, ಈ ಶಿಲ್ಪಿ ಕಡೆದಿದಾನೆ."

ಹುಡುಗಿ ನೆಟ್ಟಗೆ ಕುಳಿತಳು. "ಕಾಗೆ, ಪೊರಕೆ, ಕತ್ತೆ. ಯಾರು ತಾತಾ ಇವಳು?"

ಅವರು ಕಿಟಕಿಯ ಕಡೆ ನೋಡುತ್ತಾ ಹೇಳಿದರು: "ಜ್ಯೇಷ್ಠೆ. ಲಕ್ಷ್ಮಿಯ ಅಕ್ಕ. ಒಂದು ಕಾಲದಲ್ಲಿ ರಾಜರು ಇವಳನ್ನ ಗುಡಿಯಲ್ಲಿಟ್ಟು ಪೂಜೆ ಮಾಡ್ತಿದ್ರು. ಈಗ ಜನ ದರಿದ್ರದವಳು, ಮೂದೇವಿ ಅಂತಾರೆ."

"ಮೂದೇವಿನಾ? ನಾನು ಲೇಟಾಗಿ ಎದ್ರೆ ಅಮ್ಮ ನನ್ನ ಹಂಗೇ ಕರೆಯೋದು!" ಎಂದು ಹುಡುಗಿ ಕಿಸಕ್ಕೆಂದಳು. ಮತ್ತೆ ಮೆಲ್ಲಗೆ ಕೇಳಿದಳು, "ಹಂಗಾದ್ರೆ ಕೆಟ್ಟವಳಾ?"

"ನೀನೇ ಹೇಳು. ಆ ಕೈ ಏನಂತಿದೆ?"

ಉತ್ತರ ಬರುವ ಮೊದಲೇ ಸೇಂದನ್ ಬಂದ. ಬಾಯಲ್ಲಿ ಎಲೆಯಡಿಕೆ. "ಬರೆದ್ರಾ ಅಯ್ಯಾ?"

ನಾನು ಟೈಪು ಮಾಡುವುದನ್ನು ನಿಲ್ಲಿಸಿದೆ. ಅಮ್ಮನ್ ಎಂದು ಬರೆದುಕೊಟ್ಟಿದ್ದರೆ ಸಾಕಿತ್ತು. ಆದರೆ ಹುಡುಗಿ ಅವರ ಮುಖವನ್ನೇ ನೋಡುತ್ತಿದ್ದಳು.

"ಲಕ್ಷ್ಮಿ ಅಂತ ಬರೆಯೋಕಾಗಲ್ಲ ತಮ್ಮಾ" ಎಂದರು ಪೂವರಾಗನ್. "ಇದು ಜ್ಯೇಷ್ಠೆ."

ಸೇಂದನ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ದನಿ ಏರಿತು. "ಊರಿಗೂರೇ ಲಕ್ಷ್ಮಿ ಅಂತ ಕೈ ಮುಗೀತಿದೆ, ನೀವು ಮೂದೇವಿ ಅಂತೀರಾ? ನಾಳೆ ಮಳೆ ಕೈಕೊಟ್ರೆ, ಯಾರದೋ ಮಗು ಕಾಯಿಲೆ ಬಿದ್ರೆ, ನೀವು ಬಂದು ನಿಲ್ತೀರಾ? ಒಂದು ಹೆಸರು ಬರೆಯೋಕೆ ನಿಮ್ಮ ಗಂಟೇನು ಹೋಗುತ್ತೆ?"

"ಏನೂ ಹೋಗಲ್ಲ. ಗೊತ್ತಿದ್ದೂ ಮುಚ್ಚಿಟ್ಟು ಸಾಕಾಗಿದೆ, ಅಷ್ಟೇ."

ಸೇಂದನ್ ಫೋಟೋ ಕಿತ್ತುಕೊಂಡು, ಹುಡುಗಿಯ ಕೈ ಹಿಡಿದು ಎಳೆದುಕೊಂಡು ಹೋದ. ಪೂವರಾಗನ್ ಆ ಸಂಜೆಯವರೆಗೆ ಒಂದಕ್ಷರವನ್ನೂ ಬರೆಯಲಿಲ್ಲ. "ಮತ್ತೆ ಅದೇ ತಪ್ಪು ಮಾಡ್ಬಿಟ್ಟೆ ಕಣಯ್ಯಾ" ಎಂದರು ನನಗೆ.

ಎರಡು ತಿಂಗಳು ಅವರಿಗೆ ಅದೇ ಕೊರಗು. ಕೊನೆಗೆ ಒಂದು ಶನಿವಾರ ನಾನೇ ಬಸ್ಸು ಹತ್ತಿಸಿ ಕೀಳ್ಪೂವನೂರಿಗೆ ಕರೆದುಕೊಂಡು ಹೋದೆ. ಕಾಲುವೆಯ ಏರಿಯ ಮೇಲೆ ಅರ್ಧ ಮೈಲಿ ನಡೆಯಬೇಕಿತ್ತು. ಪೂವರಾಗನ್ ಮಂಡಿ ನೀವಿಕೊಳ್ಳುತ್ತಾ ಮೂರು ಕಡೆ ಕುಳಿತರು. "ಕೆರೆ ಎಲ್ಲಿದೆ, ಮೊದಲು ಅಲ್ಲೇ ನೋಡೋಣ" ಎಂದರು.

ನೋಡಬೇಕಾಗಿ ಬರಲಿಲ್ಲ. ಅವಳು ಬೇವಿನ ಮರದಡಿಯಲ್ಲೇ ಇದ್ದಳು. ಸೂರಿಲ್ಲ, ಫಲಕವಿಲ್ಲ. ಮುಂದೆ ಎಳ್ಳೆಣ್ಣೆಯ ದೀಪ. ಪಕ್ಕದಲ್ಲಿ ಒಬ್ಬ ಮುದುಕಿ ಕಸ ಗುಡಿಸುತ್ತಿದ್ದಳು. ತೇನ್ಮೊಳಿಯ ಅಪ್ಪಾಯಿ, ಅಂಚಲೈ.

"ಕಿತ್ತು ಹಾಕ್ಬೇಕು ಅಂತ ಗಂಡಸರು ಒಂದು ವಾರ ಕಚ್ಚಾಡಿದ್ರು" ಎಂದಳು ಅಂಚಲೈ, ಸೊಂಟ ನೀವಿಕೊಳ್ಳುತ್ತಾ. "ನಮ್ಮ ಹುಡುಗಿ ಮನೆಮನೆಗೆ ಹೋಗಿ ಹೆಂಗಸರನ್ನೆಲ್ಲ ಇಲ್ಲಿಗೆ ಎಳ್ಕೊಂಡು ಬಂದ್ಲು. ಇದು ಕಾಗೆ, ಇದು ಪೊರಕೆ, ಈ ಕೈ ಹೆದರಬೇಡ ಅಂತಿದೆ ಅಂತ ಒಂದೊಂದೇ ಮುಟ್ಟಿ ತೋರಿಸಿದ್ಲು. ನಾನಂದೆ, ಇಷ್ಟು ವರ್ಷ ದೀಪ ಹಚ್ಚಿದೀವಿ, ಇವಳು ಯಾರ ಮನೆ ಹಾಳು ಮಾಡಿದಾಳೆ? ಪೊರಕೆ ಹಿಡಿದವಳನ್ನ ಆಚೆ ಹಾಕೋದಾದ್ರೆ ಮೊದಲು ನನ್ನ ಹಾಕಿ ಅಂದೆ. ಸೇಂದನ್ ಕಿತ್ತು ಹಾಕೋ ಮಾತು ಬಿಟ್ಟ. ಈಗ ಅಂಗಡಿ ಬೀದೀಲಿ ಬೇರೆ ಲಕ್ಷ್ಮಿ ಕೂರಿಸ್ತಾನಂತೆ, ಕೂರಿಸ್ಲಿ."

"ಇವಳ ಹೆಸರು ಏನಂತ ಹೇಳ್ತೀರಿ?" ಎಂದು ಪೂವರಾಗನ್ ಕೇಳಿದರು.

"ಅಕ್ಕ ಅಂತೀವಿ. ಶನಿವಾರಕ್ಕೊಂದು ದೀಪ ಕೊಡ್ತೀವಿ, ಒಳಗೆ ಬರ್ಬೇಡಮ್ಮಾ, ಇಲ್ಲೇ ಕೂತಿರು ಅಂತೀವಿ. ನಿಮ್ಮ ಕಾಲು ಯಾಕಪ್ಪ ಹಿಂಗೆ ಊದಿದೆ? ಕೂತ್ಕೊಳ್ಳಿ. ಹುಡುಗಿ ಟ್ಯೂಷನ್‌ನಿಂದ ಬರೋಕೆ ಇನ್ನೂ ಹೊತ್ತಿದೆ."

ಅವರು ಮರದ ಬೇರಿಗೆ ಒರಗಿದರು. ಅಂಚಲೈ ತಂದ ಕೇಪೆ ಕೂಳು ಎಂಬ ರಾಗಿ ಅಂಬಲಿಯನ್ನು ಈರುಳ್ಳಿ ಕಚ್ಚಿಕೊಂಡು ಕುಡಿದರು. ವಿಗ್ರಹದ ಕಾಲಿನ ಕಡೆ ಒಮ್ಮೆ ಬಗ್ಗಿ ನೋಡಿ, "ಕತ್ತೇನೇ, ಸಂಶಯ ಇಲ್ಲ" ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಸ್ವಲ್ಪ ಹೊತ್ತಿಗೆ ಬಾಯಿ ತೆರೆದು ನಿದ್ದೆಹೋದರು. ನಾವು ಹಿಂತಿರುಗಬೇಕಿದ್ದ ನಾಲ್ಕರ ಬಸ್ಸು ದೂರದಲ್ಲಿ ಹಾರ್ನ್ ಹಾಕಿಕೊಂಡು ಹೋಯಿತು. ನಾನು ಎಬ್ಬಿಸಲಿಲ್ಲ.