ಪ್ರೊಫೆಸರರ ಕ್ಷೇಮ ವಿಚಾರಿಸಿದ ಇಮೇಲ್

ತೊಂಬತ್ತರ ದಶಕದ ಕೊನೆ. ಎಂ.ಎಸ್ಸಿ. ಓದುತ್ತಿದ್ದ ನಾನು ಬೇಸಿಗೆ ರಜೆಗೆ ಬೆಂಗಳೂರಿನ ಪ್ರೊಫೆಸರೊಬ್ಬರ ಬಳಿ ಸಂಶೋಧನೆಯ ಇಂಟರ್ನ್‌ಶಿಪ್ ಕೇಳಿ ಇಮೇಲ್ ಕಳಿಸಲು, ಜೇವರ್ಗಿಯಿಂದ ಬಸ್ಸು ಹತ್ತಿ ಗುಲ್ಬರ್ಗಾದ ಕಂಪ್ಯೂಟರ್ ಸೆಂಟರಿಗೆ ಹೊರಟೆ. ಅಪ್ಪ ಬಾಗಿಲಲ್ಲೇ ಬುದ್ಧಿ ಹೇಳಿದ: "ದೊಡ್ಡವ್ರಿಗೆ ಬರಿಯಾಕತ್ತಿ, ಮೊದಲ ಅವರ ಆರಾಮ ಕೇಳು. ನಾ ಹಿಂಗ, ನಾ ಹಂಗ ಅಂತ ಬಡಾಯಿ ಕೊಚ್ಚಬ್ಯಾಡ ಲೇ."

ವಿಧೇಯ ಮಗ ನಾನು. ಪ್ರೊಫೆಸರರ ಆರೋಗ್ಯ, ಮನೆಯವರ ಆರೋಗ್ಯ, ಬೆಂಗಳೂರಿನ ಹವೆ ಎಲ್ಲವನ್ನೂ ವಿಚಾರಿಸಿ, ಕೊನೆಯಲ್ಲಿ ಒಂದು ಅವಕಾಶ ಬೇಡಿದೆ. ಏನು ಓದಿದ್ದೇನೆ, ಯಾವುದರಲ್ಲಿ ಆಸಕ್ತಿ ಎಂಬ ಬಡಾಯಿಯನ್ನು ಪೂರ್ತಿ ಕೈಬಿಟ್ಟೆ. ಆಮೇಲೆ ವಾರವಿಡೀ ಚಿಂತೆ: ಪ್ರೊಫೆಸರರಿಗೆ ಮದುವೆಯೇ ಆಗಿರದಿದ್ದರೆ?

ಮುಂದಿನ ವಾರ ಮತ್ತೆ ಸೆಂಟರಿಗೆ ಹೋದಾಗ ಉತ್ತರ ಬಂದಿತ್ತು. ಸೆಂಟರಿನವನು ನನಗಿಂತ ಮೊದಲೇ ಓದಿ ಮುಗಿಸಿದ್ದ. "ಸಾಹೇಬ್ರು ಆರಾಮ ಅದಾರಂತ್ರಿ. ನೀವು ಏನ್ ಓದೀರಿ, ಯಾವ ವಿಷಯದಾಗ ಕೆಲಸ ಮಾಡ್ತೀರಿ ಅಂತ ಕೇಳ್ಯಾರ. ಅದನ್ನ ಬಿಟ್ಟು ಏನ್ ಬರದಿದ್ರಿ?"

ಅಲ್ಲೇ ಕುಳಿತು ಎರಡು ಪುಟ ಬರೆದೆ. ಇದ್ದ ಒಂದೇ ಜಾಗ ಬೇರೆಯವರಿಗೆ ಹೋಯಿತೆಂದು ಮರುವಾರ ಉತ್ತರ ಬಂತು. ಸಪ್ಪೆ ಮುಖ ಹೊತ್ತು ಮನೆಗೆ ಬಂದು ಅಪ್ಪನಿಗೆ ಹೇಳಿದೆ.

"ಇರ್ಲಿ ಬಿಡು," ಎಂದ ಅಪ್ಪ. "ಅವ್ರು ಆರಾಮ ಅದಾರಲ್ಲ?"