ಹೆಸರಿಲ್ಲದ ಸಾಲಿನ ಪರ್ಮಿಶನ್

ಕೋಟೇಶ್ವರದ ಬಸ್‌ಸ್ಟಾಪಿಗೆ ಹತ್ತಿರದ ಮಹಡಿಯಲ್ಲಿ ನಮ್ಮ ಸಣ್ಣ ಸಾಫ್ಟ್‌ವೇರ್ ಆಫೀಸು. ಕುಂದಾಪುರದ ಒಂದು ಆಸ್ಪತ್ರೆ ಮತ್ತು ಬೈಂದೂರಿನ ಅದರ ಶಾಖೆಯ ದಾಖಲೆಗಳೆಲ್ಲ ಇರುವ ಪೋಸ್ಟ್‌ಗ್ರೆಸ್ ಡೇಟಾಬೇಸ್ ನೋಡಿಕೊಳ್ಳುವ ಕೆಲಸ ನನಗೆ ಬಂತು. ಅದನ್ನು ಮೊದಲು ಕಟ್ಟಿದವರು ನಮ್ಮ ಹಿರಿಯ ಸಹೋದ್ಯೋಗಿ.

ಯಾವ ಅಪ್ಲಿಕೇಶನ್ನಿಗೆ ಯಾವ ಟೇಬಲ್ಲಿನ, ಅಂದರೆ ಮಾಹಿತಿಯ ಕೋಷ್ಟಕದ, ಮೇಲೆ ಏನೇನು ಮಾಡುವ ಹಕ್ಕಿದೆ ಎಂದು ಒಂದೊಂದಾಗಿ ನೋಡತೊಡಗಿದೆ. ಹೊರರೋಗಿಗಳ ಹಾಲ್‌ನಲ್ಲಿ ಟೋಕನ್ ನಂಬರ್ ತೋರಿಸುವ ಪರದೆಗೂ ಡೇಟಾಬೇಸಿನಲ್ಲಿ ಒಂದು ಯೂಸರ್, ಅಂದರೆ ಲಾಗಿನ್ ಖಾತೆ, ಇತ್ತು. ಅದಕ್ಕೆ ಲ್ಯಾಬ್ ರಿಪೋರ್ಟ್ ಅಳಿಸುವ ಹಕ್ಕೂ ಇತ್ತು!

"ಸಮಾ ನಡೀತಾ ಇತ್ತಲ್ಲ ಮಾರಾಯ್ತಿ, ಎಂತಕ್ಕೆ ಮುಟ್ಟುದು?" ಅಂದರು ಹಿರಿಯರು.

ಪರೀಕ್ಷೆಗೆಂದು ಆಫೀಸಿನಲ್ಲಿದ್ದ ನಕಲು ಡೇಟಾಬೇಸಿಗೆ ಆ ಪರದೆಯ ಯೂಸರ್ ಆಗಿಯೇ ಲಾಗಿನ್ ಆದೆ. ಒಂದು ಟ್ರಾನ್ಸಾಕ್ಷನ್ ಶುರುಮಾಡಿ, ಅವರ ಎದುರೇ ರಿಪೋರ್ಟ್‌ಗಳನ್ನೆಲ್ಲ ಡಿಲೀಟ್ ಮಾಡಿ ತೋರಿಸಿ, ರೋಲ್‌ಬ್ಯಾಕ್ ಕೊಟ್ಟು ಎಲ್ಲ ಮೊದಲಿನಂತೆ ಮಾಡಿದೆ. ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

ಆಮೇಲೆ ಆ ಯೂಸರ್‌ನ ಹಕ್ಕು ಕಿತ್ತುಹಾಕುವ ರಿವೋಕ್ ಆದೇಶ ಕೊಟ್ಟೆ. ಡೇಟಾಬೇಸ್ ತಪ್ಪು ಅನ್ನಲಿಲ್ಲ, ಆದೇಶ ಸಲೀಸಾಗಿ ನಡೆಯಿತು. ಮತ್ತೆ ಪರೀಕ್ಷಿಸಿದರೆ ಡಿಲೀಟ್ ಹಾಗೆಯೇ ಆಗುತ್ತಿದೆ! ಟೇಬಲ್ಲಿನ ಹಕ್ಕುಗಳ ಪಟ್ಟಿಯನ್ನು ಇನ್ನೊಮ್ಮೆ ನಿಧಾನವಾಗಿ ಓದಿದೆ. ಉಳಿದೆಲ್ಲ ಸಾಲುಗಳಲ್ಲೂ ಸಮ ಚಿಹ್ನೆಯ ಎಡಕ್ಕೆ ಹಕ್ಕು ಪಡೆದ ಯೂಸರ್‌ನ ಹೆಸರು. ಒಂದರಲ್ಲಿ ಮಾತ್ರ ಖಾಲಿ. ಹೆಸರಿಲ್ಲ ಎಂದರೆ ಪಬ್ಲಿಕ್, ಅಂದರೆ ಎಲ್ಲರಿಗೂ ಕೊಟ್ಟ ಹಕ್ಕು. ಒಬ್ಬರಿಂದ ಕಿತ್ತರೂ ಅವರಿಗೆ ಅದು ಆ ಬಾಗಿಲಿನಿಂದ ಬರುತ್ತಲೇ ಇತ್ತು.

"ಓಹೋ, ಅದು ನಾನೇ ಕೊಟ್ಟದ್ದು. ಅವತ್ತು ಅವಸರದಲ್ಲಿ" ಎಂದು ಹಿರಿಯರು ನಕ್ಕರು.

ಪಬ್ಲಿಕ್‌ನ ಹಕ್ಕುಗಳನ್ನೆಲ್ಲ ತೆಗೆದೆ. ಲ್ಯಾಬಿಗೆ ಬೇಕಾದ್ದು ಲ್ಯಾಬಿಗೆ, ಔಷಧ ಅಂಗಡಿಗೆ ಬೇಕಾದ್ದು ಅದಕ್ಕೆ. ಪರದೆಗೆ ಟೋಕನ್ ಟೇಬಲ್ ಓದುವಷ್ಟು ಮಾತ್ರ. ನಕಲಿನಲ್ಲಿ ಓದುವುದು, ಅಳಿಸುವುದು ಎರಡನ್ನೂ ಪರೀಕ್ಷಿಸಿ, ಒಂದು ಭಾನುವಾರ ಆಸ್ಪತ್ರೆಯ ಡೇಟಾಬೇಸಿಗೂ ಹಾಕಿದೆ.

ಸೋಮವಾರ ಬೆಳಿಗ್ಗೆ ಬೈಂದೂರಿನ ಲ್ಯಾಬ್ ಟೆಕ್ನೀಷಿಯನ್ ಫೋನ್ ಮಾಡಿದರು.

"ಹ್ವಾಯ್, ಎಂತ ಮಾಡಿದ್ರಿ? ಹೊಸ ಸ್ಯಾಂಪಲ್ ಸೇರ್ಸುಕೆ ಆತಿಲ್ಲೆ! ಹಳೇದೆಲ್ಲ ಈಗ್ಳೂ ಕಾಣ್ತಿತ್ತ್."

ಪರದೆಯ ಮೇಲೆ ಬಂದ ಎರರ್ ಓದಲು ಹೇಳಿದೆ. ಅವರು ಓದಿದ ಸಾಲಿನಲ್ಲೇ ಉತ್ತರವಿತ್ತು. ಟೇಬಲ್ಲಿಗೆ ಸೇರಿಸುವ ಹಕ್ಕು ಲ್ಯಾಬಿಗೆ ಕೊಟ್ಟಿದ್ದೆ; ಹೊಸ ಸ್ಯಾಂಪಲ್‌ಗೆ ನಂಬರ್ ಕೊಡುವ ಸೀಕ್ವೆನ್ಸ್ ಬಳಸುವ ಹಕ್ಕು ಪಬ್ಲಿಕ್ ಜೊತೆ ಹೋಗಿಬಿಟ್ಟಿತ್ತು. ಪಬ್ಲಿಕ್‌ಗೆ ಮತ್ತೆಲ್ಲ ವಾಪಸ್ ಕೊಟ್ಟಿದ್ದರೆ ಸುಲಭವಿತ್ತು. ನಾನು ಆ ಒಂದು ಸೀಕ್ವೆನ್ಸಿನ ಹಕ್ಕನ್ನು ಲ್ಯಾಬಿಗೊಂದಕ್ಕೇ ಕೊಟ್ಟೆ.

"ಈಗ ಸೇರ್ಸಿ ಕಾಣಿ ಅಕ್ಕ."

"ಆಯ್ತ್, ಆಯ್ತ್! ಹೋಯ್ತ್ ಒಳ್ಗೆ" ಎಂದರು. ಹಿಂದೆ ಯಾರೋ ರೋಗಿ ಕೆಮ್ಮಿದ್ದೂ ಕೇಳಿಸಿತು.

ಮುಂದೆ ಬ್ರಹ್ಮಾವರದಲ್ಲಿ ಆಸ್ಪತ್ರೆಯ ಇನ್ನೊಂದು ಶಾಖೆ ತೆರೆದಾಗ ಹಿರಿಯರು ನನ್ನ ಮೇಜಿನ ಬಳಿ ಬಂದು ನಿಂತರು. "ಪರ್ಮಿಶನ್ ಎಲ್ಲ ನೀನೇ ಕಾಣ್. ನಾ ಮುಟ್ಟುದಿಲ್ಲೆ" ಎಂದರು. ಆಫೀಸಿಗೆಲ್ಲ ಕೇಳುವ ಹಾಗೆ ಹೇಳಿದ್ದರು. ಆ ದಿನ ಸಂಜೆ ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಮನೆವರೆಗೂ ನಗುತ್ತಲೇ ನಿಂತು ಹೋದೆ.